ಅವನ ಅಮ್ಮನೂ ಓದುವ ಮೆಸೇಜು

ಮದುವೆಗೆ ಮುಂಚೆ ಗೆಳೆಯನನ್ನು ಒಂದು ರಾತ್ರಿ ಎಲ್ಲಾದರೂ ಕರೆದುಕೊಂಡು ಹೋಗುವುದು ನಮ್ಮ ಚಿಕ್ಕಮಗಳೂರು ಕಡೆಯೂ ಈಗ ಮಾಮೂಲಾಗಿದೆ. ನಮ್ಮ ಅಪ್ಪಂದಿರ ಕಾಲದಲ್ಲಿ ಇದಕ್ಕೊಂದು ಹೆಸರಿರಲಿಲ್ಲ. ಚಪ್ಪರಕ್ಕೆ ಸೊಪ್ಪು ಕಡಿಯೋಕೆ ಹೋದಾಗ ಗೆಳೆಯರೆಲ್ಲ ಸೇರುತ್ತಿದ್ದರು, ತೋಟದ ಮೂಲೆಯಲ್ಲಿ ಕೂತು ಮದುಮಗನ ಕಾಲೆಳೆಯುತ್ತಿದ್ದರು, ಅಷ್ಟೇ. ಈಗ ಒಬ್ಬ ಬೆಂಗಳೂರು, ಇನ್ನೊಬ್ಬ ಮಂಗಳೂರು. ಹಾಗಾಗಿ ಮೊದಲು ಗ್ರೂಪು, ಆಮೇಲೆ ಮೆಸೇಜು, ಕೊನೆಗೆ ಪ್ರವಾಸ. ನಮ್ಮ ಗುಂಪಿನಲ್ಲಿ ಆ ಮೆಸೇಜ್ ಬರೆಯುವ ಕೆಲಸ ಯಾವಾಗಲೋ ನನ್ನ ತಲೆಗೆ ಕಟ್ಟಿದ್ದಾರೆ.

ಇದು ಸುಲಭದ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದಿನಾಂಕ, ಜಾಗ, ದುಡ್ಡು, ನಾಲ್ಕು ನಗುವ ಮುಖ. ಆದರೆ ಮದುವೆಯ ಹೊತ್ತಿನಲ್ಲಿ ಮದುಮಗನ ಫೋನು ಅವನ ಕೈಯಲ್ಲಿ ಇರುವುದೇ ಇಲ್ಲ. ಲಗ್ನಪತ್ರಿಕೆಯ ಕರಡು ನೋಡೋಕೆ ಅಪ್ಪ ತೆಗೆದುಕೊಂಡಿರುತ್ತಾರೆ. ಸೀರೆ ಫೋಟೋ ನೋಡೋಕೆ ಚಿಕ್ಕಮ್ಮ. ಒಡವೆಯ ಡಿಸೈನ್ ತೋರಿಸೋಕೆ ಅತ್ತಿಗೆ. ಅಷ್ಟರಲ್ಲಿ ಮೇಲಿನಿಂದ ಒಂದು ನೋಟಿಫಿಕೇಶನ್ ಇಳಿಯುತ್ತದೆ. ಗ್ರೂಪಿನ ಹೆಸರು, ಕೆಳಗೆ ಮೊದಲ ಸಾಲು. ಅವನ ಅಮ್ಮನಿಗೆ ನಿಮ್ಮ ಪ್ರವಾಸದ ಬಗ್ಗೆ ಮೊದಲ ಸುದ್ದಿ ಸಿಗುವುದು ಹೀಗೆ.

ಕೆಲವರು ಇದಕ್ಕೆ ಎರಡು ಮೆಸೇಜ್ ಮಾಡುತ್ತಾರೆ. ಮನೆಯವರಿಗೆ ತೋರಿಸೋಕೆ 'ಧರ್ಮಸ್ಥಳಕ್ಕೆ ಹೋಗಿ ಬರ್ತೀವಿ' ಅನ್ನೋದು ಒಂದು, ಗೆಳೆಯರಿಗೆ ನಿಜವಾದದ್ದು ಇನ್ನೊಂದು. ನನಗೆ ಇದು ಸರಿ ಅನ್ನಿಸುವುದಿಲ್ಲ. ಸಿಕ್ಕಿಬೀಳುತ್ತೇವೆ ಅನ್ನುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ಸುಳ್ಳಿನ ಭಾರ ಹೊರುವವನು ಮದುಮಗ. ನಾವು ಮೂರನೇ ದಿನ ನಮ್ಮ ನಮ್ಮ ಊರು ಸೇರಿರುತ್ತೇವೆ. ಅವನು ಅದೇ ಮನೆಯಲ್ಲಿ, ಅದೇ ಅಮ್ಮನೆದುರು ಕೂತು ಧರ್ಮಸ್ಥಳದ ಪ್ರಸಾದ ಎಲ್ಲಿ ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕು. ಹಾಗಾಗಿ ನಾನು ಒಂದೇ ಮೆಸೇಜ್ ಬರೆಯುತ್ತೇನೆ. ಗೆಳೆಯರಿಗೆ ನಗು ಬರಬೇಕು, ಅವನ ಅಮ್ಮ ಓದಿದರೆ ಸಮಾಧಾನ ಆಗಬೇಕು. ಇತ್ತೀಚೆಗೆ ಬರೆದ ಒಂದನ್ನು ಇಲ್ಲಿ ಪೂರ್ತಿ ಇಡುತ್ತೇನೆ. ಅದಕ್ಕೆ ಮುಂಚೆ ದಿನಾಂಕದ ಕಥೆ ಹೇಳಬೇಕು, ಯಾಕೆಂದರೆ ಮೆಸೇಜಿನ ಅರ್ಧ ಕೆಲಸ ಮುಗಿಯುವುದೇ ಅಲ್ಲಿ.

ಹುಡುಗ ಮೂಡಿಗೆರೆ ಕಡೆಯವನು. ಮನೆಯಲ್ಲಿ ಕಾಫಿ, ಮೆಣಸು. ಮದುವೆ ಏಪ್ರಿಲ್ ಕೊನೆಯ ವಾರ. ಬೆಂಗಳೂರಿನ ಗೆಳೆಯರು ಮಾರ್ಚ್ ತಿಂಗಳ ನಾಲ್ಕು ಶನಿವಾರ ಬರೆದು ಗ್ರೂಪಿನಲ್ಲಿ ಪೋಲ್ ಹಾಕೋಣ ಅಂದರು. ನಾನು ಬೇಡ ಅಂದೆ. ಪೋಲ್ ಹಾಕಿದರೆ ಎಂಟು ಜನ ಒಂದು ದಿನ ಆರಿಸುತ್ತಾರೆ, ಆಮೇಲೆ ಮದುಮಗ ಆ ದಿನವನ್ನು ಮನೆಯಲ್ಲಿ ಒಪ್ಪಿಸಬೇಕು. ಅಲ್ಲಿಗೆ ಜಗಳ ಗೆಳೆಯರಿಗೂ ಮನೆಯವರಿಗೂ ಅಂತಾಗುತ್ತದೆ. ಮೊದಲು ಅವನ ಮನೆಗೆ ಫೋನ್ ಮಾಡಿ ಆಗದ ದಿನಗಳನ್ನು ಕೇಳಿಕೊಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ನಾನು ಅವನ ಅಮ್ಮನಿಗೇ ಫೋನ್ ಮಾಡಿದೆ. "ಅಮ್ಮಾ, ಮದುವೆಗೆ ಮುಂಚೆ ಒಂದು ದಿನ ಇವನನ್ನ ನಮ್ಮ ಜೊತೆ ಕಳಿಸ್ತೀರಾ? ಯಾವತ್ತು ಆಗಲ್ಲ ಹೇಳಿ" ಅಂದೆ. ಕಳಿಸುತ್ತೀರಾ ಅನ್ನುವುದಕ್ಕೆ ಅವರು ತಕ್ಷಣ ಉತ್ತರ ಕೊಡಲಿಲ್ಲ. ಆಗದ ದಿನಗಳನ್ನು ಮಾತ್ರ ಪಟಪಟ ಹೇಳಿದರು. ಮಾರ್ಚ್ ತಿಂಗಳು ಪೂರ್ತಿ ಅನುಮಾನ. ರೊಬಸ್ಟಾ ಕಾಫಿ ಗಿಡಕ್ಕೆ ಹೂ ಬಿಡಿಸುವ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಹೂ ಬಿಟ್ಟ ಮೇಲೆ ಇನ್ನೊಂದು ಸುತ್ತು ನೀರು. ಪೈಪು ಬದಲಾಯಿಸೋಕೆ ಮನೆಯ ಗಂಡಸು ತೋಟದಲ್ಲಿ ಇರಲೇಬೇಕು. ಇದನ್ನು ಬೆಂಗಳೂರಿನ ಗೆಳೆಯರಿಗೆ ವಿವರಿಸಿದರೆ "ಒಂದು ದಿನ ಯಾರಾದ್ರೂ ನೋಡ್ಕೊಳ್ಳಲ್ವಾ ಮಾರಾಯ" ಅನ್ನುತ್ತಾರೆ. ನೋಡಿಕೊಳ್ಳಲ್ಲ. ಮುಂದಿನ ವರ್ಷದ ಫಸಲು ಆ ಹೂವಿನಲ್ಲೇ ಇರುತ್ತದೆ.

ಏಪ್ರಿಲ್ ಮೊದಲ ವಾರ ಅವರ ಊರಿನ ಸುಗ್ಗಿ. ಮೂಡಿಗೆರೆ, ಸಕಲೇಶಪುರ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಅಂದರೆ ಬರೀ ಕುಣಿತ, ಊಟ ಅಲ್ಲ. ಊರಲ್ಲಿ ಸಾರು ಹಾಕಿದ ಮೇಲೆ, ಅಂದರೆ ಸುಗ್ಗಿ ಅಂತ ಸಾರಿ ಹೇಳಿದ ಮೇಲೆ, ಕಟ್ಟುಪಾಡು ಶುರು. ಮಾಂಸ ಇಲ್ಲ. ಕೆಲವು ಊರಲ್ಲಿ ಒಗ್ಗರಣೆ ಕೂಡ ಹಾಕುವುದಿಲ್ಲ. ಊರಿನವರು ರಾತ್ರಿ ಹೊರಗೆ ಉಳಿಯಬಾರದು ಅನ್ನುವುದೂ ಕೆಲವು ಕಡೆ ಇದೆ. ನೀವು ನಂಬುತ್ತೀರೋ ಇಲ್ಲವೋ ಇಲ್ಲಿ ಲೆಕ್ಕಕ್ಕಿಲ್ಲ. ಆ ವಾರ ಮದುಮಗನನ್ನು ಹೋಂಸ್ಟೇಗೆ ಎಳೆದುಕೊಂಡು ಹೋದರೆ ಮುಂದೆ ಏನೇ ಸಣ್ಣ ತೊಂದರೆ ಆದರೂ ಊರಿನವರು ಬೆರಳು ತೋರಿಸುವುದು ಅದಕ್ಕೇ.

ಇನ್ನೊಂದು ತುದಿಯಲ್ಲಿ ಚಪ್ಪರ ಮತ್ತು ಅರಿಶಿನ ಶಾಸ್ತ್ರ. ಅರಿಶಿನ ಹಚ್ಚಿದ ಮೇಲೆ ಮದುಮಗ ಮನೆ ಬಿಟ್ಟು ಹೋಗುವ ಹಾಗಿಲ್ಲ. ಇದು ನಮ್ಮ ಕಡೆ ಬಹುತೇಕ ಎಲ್ಲ ಮನೆಗಳಲ್ಲೂ ಇರುವ ಮಾತು. ಅದಕ್ಕೆ ಹಿಂದಿನ ವಾರ ನೆಂಟರ ಮನೆಗಳಿಗೆ ಪತ್ರಿಕೆ ಕೊಡುವ ಓಡಾಟ. ಹೀಗೆ ಎರಡೂ ಕಡೆಯಿಂದ ಕತ್ತರಿಸುತ್ತಾ ಬಂದರೆ ಉಳಿದದ್ದು ಒಂದೇ, ಏಪ್ರಿಲ್ ಎರಡನೇ ಶನಿವಾರ. ಬ್ಯಾಂಕಿಗೂ ಸರ್ಕಾರಿ ಆಫೀಸಿಗೂ ಅಂದು ರಜ, ನಮ್ಮಲ್ಲಿ ಇಬ್ಬರಿಗೆ ಅದರಿಂದ ಅನುಕೂಲವೂ ಆಯಿತು.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸಿಗೆಯಲ್ಲಿ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಕಾಡಿನ ಬೆಂಕಿಯ ಭಯಕ್ಕೆ ಚಾರಣದ ದಾರಿಗಳನ್ನು ಮುಚ್ಚುವುದು ಮಾಮೂಲು. ಮುಳ್ಳಯ್ಯನಗಿರಿ ಕಡೆಗೆ ಈಗ ಮುಂಚೆಯೇ ಆನ್‌ಲೈನಲ್ಲಿ ವಾಹನ ಬುಕ್ ಮಾಡಬೇಕು. ಫಾಲ್ಸ್ ಅಂತ ಒಬ್ಬ ಶುರು ಮಾಡಿದ. ಮದುಮಗನ ಅಮ್ಮ ಫೋನಿನಲ್ಲಿ ಕೇಳಿಕೊಂಡದ್ದು ಒಂದೇ, "ನೀರಿಗೆ ಮಾತ್ರ ಇಳಿಸಬೇಡ ಕಣಪ್ಪ." ಮದುವೆ ಗೊತ್ತಾದ ಹುಡುಗನನ್ನು ನೀರಿನ ಹತ್ತಿರ ಬಿಡಬಾರದು ಅನ್ನುವ ಹಳೆಯ ಹೆದರಿಕೆ ಅದು. ಜಾರುವ ಬಂಡೆ ನೋಡಿದವರಿಗೆ ಆ ಹೆದರಿಕೆಯಲ್ಲಿ ತಪ್ಪೇನೂ ಕಾಣುವುದಿಲ್ಲ. ಫಾಲ್ಸ್ ಬಿಟ್ಟೆವು. ಅವನ ತಾಲೂಕಿನ ಒಳಗೇ ಇರೋಣ ಅಂದರೆ ಅವನಿಗೆ ನೆಂಟರಲ್ಲದ ಎಸ್ಟೇಟ್ ಸಿಗುವುದಿಲ್ಲ, ಹೋಂಸ್ಟೇ ಮಾಲೀಕರೇ "ಏನೋ ಇಲ್ಲಿ?" ಅಂತಾರೆ. ಕೊನೆಗೆ ಗಡಿ ದಾಟಿ ಹಾಸನ ಜಿಲ್ಲೆಗೆ ಕಾಲಿಟ್ಟೆವು. ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇ, ದಾರಿಯಲ್ಲಿ ಮಂಜರಾಬಾದ್ ಕೋಟೆ. ಹೆದ್ದಾರಿಯ ಪಕ್ಕದಲ್ಲೇ ಇದೆ, ಮೆಟ್ಟಿಲು ಹತ್ತಿದರೆ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ತಮಾಷೆ ಏನೆಂದರೆ ಒಳಗೆ ನಿಂತವನಿಗೆ ಆ ನಕ್ಷತ್ರ ಕಾಣುವುದಿಲ್ಲ, ಆಕಾಶದಿಂದ ತೆಗೆದ ಫೋಟೋದಲ್ಲೇ ಕಾಣಬೇಕು.

ಇಷ್ಟಾದ ಮೇಲೆ ಬರೆದ ಮೆಸೇಜು ಇದು. ನಮ್ಮಲ್ಲಿ ಎಲ್ಲರೂ ಅವನನ್ನು ಕರೆಯುವುದು ಸೌಕಾರ ಅಂತ. ಕಾಲೇಜಿನಲ್ಲಿ ಕ್ಯಾಂಟೀನ್ ಸಾಲ ತೀರಿಸದೆ ಇದ್ದದ್ದಕ್ಕೆ ಬಿದ್ದ ಹೆಸರು, ತೋಟಕ್ಕೆ ಸಂಬಂಧ ಇಲ್ಲ.

"*ಸೌಕಾರರ ಸಕಲೇಶಪುರ*

ಏಪ್ರಿಲ್ ಎರಡನೇ ಶನಿವಾರ ಮಧ್ಯಾಹ್ನ 1 ಗಂಟೆಯಿಂದ ಭಾನುವಾರ ಮಧ್ಯಾಹ್ನ 3ರವರೆಗೆ. ಶನಿವಾರ ರಾತ್ರಿ ಸಕಲೇಶಪುರದ ಹತ್ತಿರ ಹೋಂಸ್ಟೇ. ಭಾನುವಾರ ಮಧ್ಯಾಹ್ನದ ಊಟ ಮದುಮಗನ ಮನೆಯಲ್ಲಿ, ಅಮ್ಮ ಕರೆದಿದ್ದಾರೆ.

ಗೆಳೆಯರೇ, ನಮ್ಮ ಸೌಕಾರರು ಇಷ್ಟು ವರ್ಷ ಏನು ಕೇಳಿದರೂ 'ಅಮ್ಮನ್ನ ಕೇಳಿ ಹೇಳ್ತೀನಿ' ಅನ್ನುತ್ತಿದ್ದರು. ಇನ್ನು ಮುಂದೆ ಇಬ್ಬರನ್ನು ಕೇಳಬೇಕು. ಅದಕ್ಕೇ ಈ ಸಲ ನಾವೇ ಮುಂಚೆ ಇಬ್ಬರನ್ನೂ ಕೇಳಿದ್ದೇವೆ. ಇಬ್ಬರೂ ಒಪ್ಪಿದ್ದಾರೆ. ಸೌಕಾರರನ್ನು ಯಾರೂ ಕೇಳಿಲ್ಲ.

ಶನಿವಾರ: 1 ಗಂಟೆಗೆ ಸಕಲೇಶಪುರದಲ್ಲಿ ಊಟ. 3:30ಕ್ಕೆ ಮಂಜರಾಬಾದ್ ಕೋಟೆ. 5:30ಕ್ಕೆ ಹೋಂಸ್ಟೇ. ಸಂಜೆ 6ಕ್ಕೆ ಎರಡೂ ಕಾರಿನ ಕೀಲಿ ಹೋಂಸ್ಟೇ ಮಾಲೀಕರ ಹತ್ತಿರ. ಬೆಳಿಗ್ಗೆ ತಿಂಡಿ ಆದ ಮೇಲೆ ವಾಪಸ್ ಕೊಡುತ್ತಾರೆ, ಅದೂ ಡ್ರೈವರುಗಳ ಕೈಗೆ ಮಾತ್ರ. ಬೆಂಕಿ ಹಾಕುವುದಾದರೆ ಮನೆಯಂಗಳದ ಗುಂಡಿಯಲ್ಲಿ ಮಾತ್ರ, ಗುಡ್ಡ ಒಣಗಿದೆ. ಹಾಡು 10 ಗಂಟೆಯವರೆಗೆ, ಆಮೇಲೆ ಮಾತು.

ಭಾನುವಾರ: 10:30ಕ್ಕೆ ಹೊರಟು 12:30ಕ್ಕೆ ಸೌಕಾರರ ಮನೆ. ಕಡುಬು, ಕೋಳಿ ಸಾರು, ಗುಜ್ಜೆ ಪಲ್ಯ ಅಂತ ಸುದ್ದಿ. 3ಕ್ಕೆ ಅವರವರ ಊರಿಗೆ.

ತರಬೇಕಾದದ್ದು: ಸೌಕಾರರ ಬಗ್ಗೆ ಒಂದೊಂದು ಹಳೇ ಕಥೆ. ಷರತ್ತು ಒಂದೇ, ಅವನ ಅಮ್ಮನೆದುರು ಹೇಳುವಂತಿರಬೇಕು. ಗೆದ್ದ ಕಥೆಯನ್ನು ಭಾನುವಾರ ಊಟದ ಹೊತ್ತಿಗೆ ಮತ್ತೆ ಹೇಳಿಸುತ್ತೇವೆ.

ಕೇಕ್ ಇರುತ್ತದೆ. ತಿನ್ನೋಕೆ, ಬಳಿಯೋಕೆ ಅಲ್ಲ. ಮದುವೆಯ ಫೋಟೋಗೆ ಆ ಮುಖ ಬೇಕು.

ಖರ್ಚು: ತಲೆಗೆ 2,750 ರೂಪಾಯಿ. ರೂಮು, ಊಟ, ತಿಂಡಿ, ಡೀಸೆಲ್ ಇಷ್ಟೇ ಇದರಲ್ಲಿ ಸೇರಿದೆ. ಬೇರೆ ಏನಾದರೂ ಬೇಕಾದವರು ಅವರವರೇ ಹಂಚಿಕೊಳ್ಳಿ. ಸೌಕಾರರು ಕೊಡುವಂತಿಲ್ಲ, ಈ ಒಂದು ಸಲ ಮಾತ್ರ. ದುಡ್ಡು ನನಗೆ ನೇರವಾಗಿ ಕಳಿಸಿ, ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಬೇಡಿ. ಹೆಚ್ಚು ಕಡಿಮೆ ಏನಿದ್ದರೂ ನನಗೆ ಮಾತ್ರ ಒಂದು ಮಾತು ಹೇಳಿ.

ಊಟ: ಕೋಳಿ (ಹಲಾಲ್) ಮತ್ತು ಸಸ್ಯಾಹಾರ, ಬೇರೆ ಬೇರೆ ಪಾತ್ರೆ. ಹಂದಿ ಸಾರು ಈ ಸಲ ಇಲ್ಲ, ಬೀಗರ ಊಟದವರೆಗೆ ತಡೆದುಕೊಳ್ಳಿ.

ಫೋಟೋ ಎಷ್ಟು ಬೇಕಾದರೂ ತೆಗೆಯಿರಿ. ಸ್ಟೇಟಸ್‌ಗೆ ಹಾಕುವುದು ಸೌಕಾರರು ಹಾಕಿದ ಮೇಲೆ.

ಬರುವವರು ಮುಂದಿನ ಭಾನುವಾರದೊಳಗೆ ಇಲ್ಲಿ ಒಂದು 👍 ಒತ್ತಿ. ಬರೋಕೆ ಆಗದವರು ಕಾರಣ ಬರೆಯಬೇಕಾಗಿಲ್ಲ. ಮದುವೆಗೆ ಬನ್ನಿ ಸಾಕು."

ಮೆಸೇಜ್ ಉದ್ದ ಆಯಿತು ಅಂತ ಅನ್ನಿಸಬಹುದು. ಉದ್ದವೇ. ವಾಟ್ಸಾಪ್ ಉದ್ದದ ಮೆಸೇಜನ್ನು ಅರ್ಧಕ್ಕೆ ಮಡಚಿಡುತ್ತದೆ, 'ಇನ್ನಷ್ಟು ಓದಿ' ಒತ್ತಿದರೆ ಮಾತ್ರ ಉಳಿದದ್ದು. ಅದಕ್ಕೇ ದಿನ, ಜಾಗ, ಮುಗಿಯುವ ಹೊತ್ತು ಮೂರನ್ನೂ ಮೇಲೆ ಇಟ್ಟೆ. ತಮಾಷೆ ಅದರ ಕೆಳಗೆ. ತಮಾಷೆಯಿಂದ ಶುರು ಮಾಡಿದರೆ ಮಡಿಕೆಯ ಮೇಲೆ ತಮಾಷೆ ಮಾತ್ರ ಕಾಣುತ್ತದೆ, "ಯಾವತ್ತು?" ಅಂತ ನಾಲ್ಕು ಜನ ಕೇಳುತ್ತಾರೆ. ಮೆಸೇಜನ್ನು 30 ದಿನಕ್ಕೆ ಪಿನ್ ಮಾಡಿದೆ. ಕಳಿಸಿದ 15 ನಿಮಿಷದ ನಂತರ ತಿದ್ದೋಕೆ ಆಗುವುದಿಲ್ಲ. ಹಾಗಾಗಿ ಕಳಿಸುವ ಮುಂಚೆ ಮದುಮಗನ ಅಣ್ಣನಿಗೆ ಒಮ್ಮೆ ಓದಲು ಕೊಟ್ಟಿದ್ದೆ.

ಗ್ರೂಪಿನ ಹೆಸರಿಗೆ ಮೊದಲು ಬಂದ ಸಲಹೆಗಳನ್ನು ಇಲ್ಲಿ ಬರೆಯುವಂತಿಲ್ಲ. ಹೆಚ್ಚಿನವು 'ಕೊನೆಯ', 'ಸ್ವಾತಂತ್ರ್ಯ', 'ಜೈಲು' ಅನ್ನುವ ಮಾತುಗಳ ಸುತ್ತ ಇದ್ದವು. ಮದುವೆ ಅಂದರೆ ಜೈಲು ಅನ್ನುವ ಜೋಕು ಎಲ್ಲರಿಗೂ ಸಲೀಸು, ಆದರೆ ಅದರಲ್ಲಿ ಜೈಲರ್ ಆಗುವವಳು ಇನ್ನೂ ಆ ಮನೆಗೆ ಕಾಲಿಟ್ಟಿಲ್ಲ. ಅವಳ ಅಣ್ಣ ಈ ಮೆಸೇಜನ್ನು ನಾಳೆ ನೋಡುತ್ತಾನೆ. ಹಾಗಾಗಿ ನನ್ನದು ಒಂದೇ ಪಟ್ಟು. ಏಟು ಬಿದ್ದರೆ ಮದುಮಗನಿಗೇ ಬೀಳಬೇಕು. 'ಸೌಕಾರರನ್ನು ಯಾರೂ ಕೇಳಿಲ್ಲ' ಅನ್ನುವ ಸಾಲಿಗೆ ಅವನ ಅಮ್ಮನೇ ಜೋರಾಗಿ ನಕ್ಕರಂತೆ. ಮದುಮಗಳಿಗೆ ನನ್ನ ಹೆಂಡತಿ ಫೋನ್ ಮಾಡಿ ಮುಂಚೆಯೇ ಹೇಳಿದ್ದಳು. ಅವಳದ್ದೂ ಒಂದೇ ಮಾತು, "ಬಿಸಿಲಲ್ಲಿ ಓಡಾಡಿಸಬೇಡಿ ಅಕ್ಕಾ, ಈಗಲೇ ಕಪ್ಪಗಾಗಿದ್ದಾರೆ." ಮೂರೂವರೆಗೆ ಕೋಟೆ ಅಂತ ಇಟ್ಟದ್ದು ಅದಕ್ಕೇ, ಮಧ್ಯಾಹ್ನದ ಉರಿ ಕಳೆಯಲಿ ಅಂತ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರುತ್ತೇನೆ. ಎಣ್ಣೆ. ಮೆಸೇಜಿನಲ್ಲಿ ಆ ಮಾತೇ ಇಲ್ಲ, ಸುಳ್ಳೂ ಇಲ್ಲ. ಇದಕ್ಕಾಗಿ ನಾನು ಸ್ವಲ್ಪ ಜಾಸ್ತಿ ಹೊತ್ತು ಕೂತಿದ್ದೆ. ಮಲೆನಾಡಿನ ಮನೆಗಳಲ್ಲಿ ಇದರ ಬಗ್ಗೆ ಯಾರೂ ಕಣ್ಣು ಮುಚ್ಚಿ ಕೂತಿಲ್ಲ. ಗೆಳೆಯರು ಸೇರಿದರೆ ಏನಾಗುತ್ತದೆ ಅಂತ ಅವನ ಅಪ್ಪನಿಗೂ ಗೊತ್ತು, ಅಮ್ಮನಿಗೂ ಗೊತ್ತು. ಅವರ ಹೆದರಿಕೆ ಬೇರೆ. ರಾತ್ರಿ ಹನ್ನೊಂದಕ್ಕೆ 'ಇನ್ನೊಂದು ಬಾಟಲಿ ತರೋಣ' ಅಂತ ಒಬ್ಬ ಎದ್ದು ಕಾರು ತೆಗೆಯುತ್ತಾನೆ, ಪಕ್ಕದ ಸೀಟಿನಲ್ಲಿ ಮದುಮಗ ಕೂರುತ್ತಾನೆ, ಮುಂದೆ ಶಿರಾಡಿ ಘಾಟಿ, ಎದುರಿನಿಂದ ಟ್ಯಾಂಕರ್. ಆ ಚಿತ್ರ ಒಂದು ಸಲ ಮನಸ್ಸಿಗೆ ಬಂದ ತಾಯಿಗೆ 'ನಾವು ಜವಾಬ್ದಾರಿಯಿಂದ ಇರ್ತೀವಿ' ಅಂತ ಹತ್ತು ಸಲ ಬರೆದರೂ ಸಮಾಧಾನ ಆಗುವುದಿಲ್ಲ. ಕೀಲಿ ಸಂಜೆ ಆರಕ್ಕೆ ಮಾಲೀಕರ ಹತ್ತಿರ ಅನ್ನುವ ಒಂದು ಸಾಲಿಗೆ ಆಗುತ್ತದೆ. ಗೆಳೆಯರಿಗೂ ಅದರಲ್ಲೇ ಎಲ್ಲ ತಿಳಿಯುತ್ತದೆ. ಕೀಲಿ ಕೊಡಬೇಕಾದ ಕಾರಣ ಏನು ಅಂತ ಯಾರೂ ಕೇಳಲಿಲ್ಲ.

ಬೆಳಗಿನ ವಿಷಯವೂ ಇದೆ. ರಾತ್ರಿ ಕುಡಿದದ್ದು ನಿದ್ದೆ ಮಾಡಿದ ಕೂಡಲೇ ಇಳಿಯುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕಾನೂನಿನ ಲೆಕ್ಕದಲ್ಲಿ ಕುಡಿದು ಓಡಿಸಿದ ಹಾಗೆ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ತಡರಾತ್ರಿವರೆಗೆ ಕೂತವನು ಬೆಳಿಗ್ಗೆ ಆರಕ್ಕೆ ಚೆನ್ನಾಗಿದ್ದೇನೆ ಅಂದರೂ ಅಳತೆಯಲ್ಲಿ ಸಿಕ್ಕಿಬೀಳಬಹುದು. ಹೊರಡುವುದು ಹತ್ತೂವರೆಗೆ ಅಂತ ಇಟ್ಟರೂ ಅದನ್ನೇ ನಂಬಿ ಕೂರಲಿಲ್ಲ. ಎರಡು ಕಾರಿಗೂ ಕುಡಿಯದವರನ್ನೇ ಡ್ರೈವರ್ ಮಾಡಿದೆ. ಅವರಿಬ್ಬರನ್ನು ಮುಂಚೆ ಬೇರೆಯಾಗಿ ಕೇಳಿ ಒಪ್ಪಿಸಿದ್ದೆ. ಗ್ರೂಪಿನಲ್ಲಿ ಕೇಳಿದರೆ ಯಾರು ಕುಡಿಯುತ್ತಾರೆ, ಯಾರು ಇಲ್ಲ ಅನ್ನುವ ಪಟ್ಟಿ ಅಲ್ಲೇ ತಯಾರಾಗುತ್ತದೆ. ಅದಕ್ಕೆ ಪೋಲ್ ಹಾಕುವುದಂತೂ ಬೇಡವೇ ಬೇಡ. ವಾಟ್ಸಾಪ್ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ. ನಮ್ಮ ಗುಂಪಿನಲ್ಲಿ ಮನೆಯವರಿಗೆ ಗೊತ್ತಿಲ್ಲದೆ ಕುಡಿಯುವವನೂ ಇದ್ದಾನೆ, ಗೆಳೆಯರಿಗೆ ಹೇಳದೆ ಬಿಟ್ಟವನೂ ಇದ್ದಾನೆ. ಎರಡನೆಯವನಿಗೆ ಪೋಲು ಇನ್ನೂ ಕಷ್ಟ.

ಭಾನುವಾರದ ಊಟದ ಉಪಾಯ ನನ್ನದಲ್ಲ, ಅವನ ಅಮ್ಮನದೇ. "ಕಳಿಸ್ತೀನಿ, ಆದ್ರೆ ಭಾನುವಾರ ಎಲ್ಲರೂ ಇಲ್ಲಿಗೆ ಊಟಕ್ಕೆ ಬರಬೇಕು" ಅಂದರು. ಎಷ್ಟು ಜಾಣತನ ನೋಡಿ. ಮಧ್ಯಾಹ್ನ ಹನ್ನೆರಡೂವರೆಗೆ ಗೆಳೆಯನ ಅಪ್ಪ ಅಮ್ಮನೆದುರು ಪಂಕ್ತಿಯಲ್ಲಿ ಕೂರಬೇಕು ಅಂತ ಗೊತ್ತಿದ್ದರೆ ಶನಿವಾರ ರಾತ್ರಿ ತಾನಾಗಿ ಹದಕ್ಕೆ ಬರುತ್ತದೆ. ಯಾರಿಗೂ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಬರೀ ರಾತ್ರಿಯ ಪಾರ್ಟಿಗೆ ಮುಗಿಯುವ ಹೊತ್ತು ಇರುವುದಿಲ್ಲ. ಮನೆಯವರಿಗೆ ತಳಮಳ ಆಗುವುದೂ ಅದಕ್ಕೇ. ಮಗ ಎಲ್ಲಿಗೆ ಹೋದ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಬರುತ್ತಾನೆ ಅನ್ನುವುದು ಅವರ ಪ್ರಶ್ನೆ. ಎಸ್ಟೇಟಿನ ಒಳಗೆ ಮೊಬೈಲ್ ಸಿಗ್ನಲ್ ಸಿಗುವುದು ಅದೃಷ್ಟ. ಹೋಂಸ್ಟೇ ಮಾಲೀಕರ ನಂಬರನ್ನೂ ದಾರಿಯ ಗುರುತನ್ನೂ ಮದುಮಗನ ಅಣ್ಣನಿಗೆ ಬೇರೆ ಕಳಿಸಿದ್ದೆ. ರಾತ್ರಿ ಒಂಬತ್ತಕ್ಕೆ ಅವರು ಆ ನಂಬರಿಗೆ ಒಂದು ಸಲ ಫೋನ್ ಮಾಡಿದ್ದರು. ಮಾಲೀಕರು "ಎಲ್ಲ ಅಂತ್ಯಾಕ್ಷರಿ ಆಡ್ತಾ ಕೂತಿದ್ದಾರೆ" ಅಂದರಂತೆ. ನಿಜಕ್ಕೂ ಹಾಗೇ ಆಗಿತ್ತು.

ದುಡ್ಡಿನ ಲೆಕ್ಕ ಹೀಗೆ. ಮದುಮಗ ಸೇರಿ ಒಂಬತ್ತು ಜನ. ಹೋಂಸ್ಟೇ ತಲೆಗೆ 1,700, ಒಟ್ಟು 15,300. ಬೆಂಗಳೂರಿನ ಕಾರು, ಚಿಕ್ಕಮಗಳೂರಿನ ಕಾರು ಎರಡರ ಡೀಸೆಲ್ 3,900. ಶನಿವಾರದ ಊಟ, ಕೇಕು, ಚಿಲ್ಲರೆ ಖರ್ಚು 2,800. ಎಲ್ಲ ಸೇರಿ 22,000. ಮದುಮಗನನ್ನು ಬಿಟ್ಟು ಎಂಟು ಜನಕ್ಕೆ ಹಂಚಿದರೆ 2,750. ಬಾಟಲಿಯ ಖರ್ಚು ಇದರಲ್ಲಿ ಸೇರಿಸಲಿಲ್ಲ. ಕುಡಿಯದವನು ಕುಡಿಯುವವನ ಬಿಲ್ಲಿಗೆ ದುಡ್ಡು ಕೊಟ್ಟು ಸುಮ್ಮನಿರುತ್ತಾನೆ, ಮುಂದಿನ ಸಲ ಕರೆದರೆ ಬರುವುದಿಲ್ಲ, ಯಾಕೆ ಅಂತ ಹೇಳುವುದೂ ಇಲ್ಲ. ಸ್ಕ್ರೀನ್‌ಶಾಟ್ ಬೇಡ ಅಂದದ್ದಕ್ಕೂ ಕಾರಣ ಇದೆ. ಐದು ಜನ ಯುಪಿಐ ಸ್ಕ್ರೀನ್‌ಶಾಟ್ ಹಾಕಿದರೆ ಆರನೆಯವನಿಗೆ ಅದು ಸಾಲಗಾರನ ನೋಟೀಸಿನ ಹಾಗೆ ಕಾಣುತ್ತದೆ. ನಮ್ಮಲ್ಲಿ ಒಬ್ಬನಿಗೆ ಕೆಲಸ ಹೋಗಿತ್ತು. ಅವನು ನನಗೆ ಮಾತ್ರ ಹೇಳಿದ, ಮೇ ತಿಂಗಳಲ್ಲಿ ಕೊಡುತ್ತೇನೆ ಅಂದ. ಅವನ ಪಾಲನ್ನು ಇಬ್ಬರು ಹಾಕಿದೆವು. ಗ್ರೂಪಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಕಾರಣ ಬರೆಯಬೇಕಾಗಿಲ್ಲ ಅನ್ನುವ ಸಾಲು ಒಬ್ಬನಿಗಾಗಿಯೇ ಬರೆದದ್ದು. ಅವನ ಅಪ್ಪ ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ. ಅವನ ಮನೆಯಲ್ಲಿ ವರ್ಷದೊಳಗೆ ಶುಭಕಾರ್ಯದ ಮನೆಗೆ ಹೋಗುವುದಕ್ಕೆ ಹಿಂಜರಿಯುತ್ತಾರೆ. ಗ್ರೂಪಿನಲ್ಲಿ 'ಯಾಕೋ ಬರಲ್ಲ, ಏನೋ ನಿನ್ ಪ್ರಾಬ್ಲಂ' ಅಂತ ಯಾರಾದರೂ ಶುರು ಮಾಡಿದರೆ ಅವನು ಅದನ್ನೆಲ್ಲ ಅಲ್ಲಿ ಬರೆಯಬೇಕಾಗುತ್ತಿತ್ತು. ನಾನು ಫೋನ್ ಮಾಡಿದೆ. ಶನಿವಾರ ಬಂದು, ಭಾನುವಾರ ಮದುಮಗನ ಮನೆಗೆ ಬರದೆ ಹೋಂಸ್ಟೇಯಿಂದಲೇ ಬಸ್ಸು ಹಿಡಿಯುತ್ತೇನೆ ಅಂದ. ಮಂಗಳೂರಿನವನೇ ಅವನು, ಸಕಲೇಶಪುರದಿಂದ ಬಸ್ಸಿಗೇನೂ ಕಷ್ಟ ಇಲ್ಲ. ಇದು ಮದುಮಗನ ಅಮ್ಮನಿಗೆ ಹೇಗೋ ಗೊತ್ತಾಯಿತು. "ಅವನಿಗೆ ಹೇಳು, ನಮ್ಮನೇಲಿ ಅದೆಲ್ಲ ನೋಡಲ್ಲ, ಊಟಕ್ಕೆ ಬರಲಿ" ಅಂದರು. ನಾನು ಹೇಳಿದೆ. ಅವನು ಆದರೂ ಬಸ್ಸು ಹಿಡಿದ. ತನ್ನ ಅಮ್ಮನ ಮನಸ್ಸಿಗೆ ಬೇಸರ ಆಗುತ್ತದೆ ಅಂದ. ಮದುಮಗನ ಅಮ್ಮ ಕಡುಬು ಕಟ್ಟಿಸಿ ಆಮೇಲೆ ಯಾರ ಜೊತೆಗೋ ಕಳಿಸಿದರು.

ಮದುಮಗಳ ಅಣ್ಣನನ್ನು ಗ್ರೂಪಿಗೆ ಸೇರಿಸಬೇಕಾ ಅನ್ನುವ ಚರ್ಚೆ ದೊಡ್ಡದಾಯಿತು. ಸೇರಿಸಿದರೆ ನಾವು ಬಿಗಿಯಾಗುತ್ತೇವೆ, ಸೇರಿಸದಿದ್ದರೆ ಅವರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ನನ್ನ ಅಭಿಪ್ರಾಯ, ಗ್ರೂಪಿಗೆ ಬೇಡ, ಕರೆಯುವುದನ್ನು ಬಿಡಬಾರದು. ಮದುಮಗನೇ ಫೋನ್ ಮಾಡಿ, "ಭಾವ, ಭಾನುವಾರ ಮನೆಗೆ ಊಟಕ್ಕೆ ಬನ್ನಿ, ಗೆಳೆಯರೆಲ್ಲ ಇರ್ತಾರೆ" ಅಂದ. ಅವರು ಬಂದರು. ಬಂದು ಗೆದ್ದ ಕಥೆಯನ್ನೂ ಕೇಳಿದರು. ಕಾಲೇಜಿನ ಇಬ್ಬರು ಗೆಳತಿಯರನ್ನೂ ಹೀಗೇ ಬೇರೆ ಬೇರೆಯಾಗಿ ಕೇಳಿದೆವು, ರಾತ್ರಿ ಉಳಿಯುವುದು ಅವರಿಗೆ ಬಿಟ್ಟದ್ದು ಅಂತ. ಒಬ್ಬಳು ಗಂಡನ ಜೊತೆ ಭಾನುವಾರದ ಊಟಕ್ಕೆ ಬಂದಳು. ಇನ್ನೊಬ್ಬಳು ಮದುವೆಗೇ ಬರುತ್ತೇನೆ ಅಂದಳು. 'ಹುಡುಗಿಯರನ್ನು ಕರೆಯುವುದು ಬೇಡ' ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದರೆ ಇಬ್ಬರಿಗೂ ಕೋಪ ಬರುತ್ತಿತ್ತು, ನ್ಯಾಯವಾಗಿ.

ಫೋಟೋದ ನಿಯಮ ಒಂದೇ ಪೂರ್ತಿ ನಡೆಯಲಿಲ್ಲ. ಕೋಟೆಯ ಮೇಲೆ ನಿಂತ ಫೋಟೋ ಸಂಜೆ ನಾಲ್ಕೂವರೆಗೇ ಒಬ್ಬನ ಸ್ಟೇಟಸ್‌ನಲ್ಲಿತ್ತು. ಅದರಲ್ಲಿ ಏನೂ ಇರಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಒಂಬತ್ತು ಗಂಡಸರು ಅಷ್ಟೇ. ಆದರೂ ಮದುಮಗಳ ಕಡೆಯಿಂದ "ಟೋಪಿ ಎಲ್ಲಿ?" ಅಂತ ಮೆಸೇಜ್ ಬಂತು.

ಹೊರಡುವ ಹಿಂದಿನ ಶುಕ್ರವಾರ ಸಂಜೆ ಇನ್ನೊಂದು ಸಣ್ಣ ಮೆಸೇಜ್ ಕಳಿಸಿದ್ದೆ. ಯಾರು ಯಾವ ಕಾರು, ಬೆಂಗಳೂರಿನವರು ಬೆಳಿಗ್ಗೆ ಆರೂವರೆಗೆ ಬಿಟ್ಟು ಚನ್ನರಾಯಪಟ್ಟಣದಲ್ಲಿ ತಿಂಡಿ, ಮದುಮಗನನ್ನು ಮೂಡಿಗೆರೆಯ ಮನೆಯಿಂದಲೇ ಹತ್ತಿಸಿಕೊಳ್ಳುವುದು ನಾವು, ಅವನ ಅಮ್ಮನಿಗೆ ಮುಖ ತೋರಿಸಿ ಹೊರಡುವುದು. ಜೊತೆಗೆ ಒಂದು ಜರ್ಕಿನ್, ಒಂದು ಟಾರ್ಚು, ಮಳೆ ಬಂದರೂ ಬರಬಹುದು. ಇಷ್ಟು ಬರೆದ ಮೇಲೆ ಬಂದ ಮೊದಲ ಉತ್ತರ, "ಚಪ್ಪಲಿ ಸಾಕಾ, ಶೂ ಬೇಕಾ?" ಎರಡನೆಯದು ಮದುಮಗನದು, "ನಾನೂ 2,750 ಕಳಿಸಬೇಕಾ?"